ಸೈನಿಕರು ‘ಇನ್ನು ಮುಂದಕ್ಕೆ ಹೋಗಲ್ಲ’ ಎಂದಾಗ: 1917ರ ಫ್ರೆಂಚ್ ಸೇನೆ ಹೇಗೆ ಉಳಿಯಿತು?

ಪ್ರಶ್ನೆ: ಸರ್, ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯ ಅರ್ಧದಷ್ಟು ಭಾಗ ದಂಗೆ ಎದ್ದಿತ್ತು ಅಂತ ಓದಿದೆ. ಆದರೆ ಮುಂದಿನ ವರ್ಷ ಅದೇ ಸೇನೆ ಯುದ್ಧ ಗೆದ್ದಿತು. ನನ್ನ ಸ್ನೇಹಿತ ಹೇಳ್ತಾನೆ, ನೂರಾರು ಜನರನ್ನು ಸಾಲಾಗಿ ನಿಲ್ಲಿಸಿ, ಹತ್ತರಲ್ಲಿ ಒಬ್ಬನಂತೆ ಗುಂಡಿಟ್ಟು ಕೊಂದರು, ಉಳಿದವರು ಹೆದರಿ ದಾರಿಗೆ ಬಂದರು ಅಂತ. ಇನ್ನೊಂದು ಕಡೆ, ಊಟ, ರಜೆ ಕೊಟ್ಟು ಸಮಾಧಾನ ಮಾಡಿದರು ಅಂತ ಓದಿದೆ. ಯಾವುದು ನಿಜ? ಹಾಗೆ ಮೆತ್ತಗಾದರೆ ಮಿಕ್ಕವರೂ ‘ನಾವೂ ಹೋಗಲ್ಲ’ ಅನ್ನೋದಿಲ್ವಾ? ಸೇನೆ ಬಿಟ್ಟು ಓಡಿಹೋದವರನ್ನೂ ಹೀಗೇ ನೋಡಬೇಕಾ?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಫ್ರಾನ್ಸಿನಲ್ಲಿ ನಡೆಯಲಿಲ್ಲ. ಅಂಥದ್ದು ನಡೆದದ್ದು ಇಟಲಿಯಲ್ಲಿ, ಅದೇ ವರ್ಷ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಊಟ, ರಜೆಯಿಂದ ಎಲ್ಲ ಸರಿಹೋಯಿತು ಅನ್ನೋದೂ ಅರ್ಧ ಸತ್ಯ. ಫ್ರೆಂಚ್ ಸೇನೆ ಉಳಿದದ್ದು ಮುಖ್ಯವಾಗಿ ಸೈನಿಕರ ಪ್ರಾಣವನ್ನು ಬಳಸುವ ರೀತಿ ಬದಲಾದದ್ದರಿಂದ. ಸೇನಾ ಇತಿಹಾಸ ಕಲಿಸುವವನಾಗಿ ನಾನು ಯುವ ಅಧಿಕಾರಿಗಳಿಗೆ ಮೊದಲು ಹೇಳುವುದೂ ಇದನ್ನೇ.

ಓಡಿಹೋಗುವುದು ಬೇರೆ, ದಂಗೆ ಏಳುವುದು ಬೇರೆ. ಓಡಿಹೋಗುವವನು ಸಾಮಾನ್ಯವಾಗಿ ಒಬ್ಬನೇ ಹೋಗುತ್ತಾನೆ, ಸದ್ದಿಲ್ಲದೆ ಹೋಗುತ್ತಾನೆ. ರಜೆಗೆ ಹೋದವನು ವಾಪಸ್ ಬರಲ್ಲ, ಅಷ್ಟೆ. ಅವನಿಗೆ ಸೇನೆಯ ಜೊತೆ ಮಾತು ಮುಗಿದಿದೆ. ದಂಗೆ ಎದ್ದವನು ಅಲ್ಲೇ ಇರುತ್ತಾನೆ, ಜೊತೆಯವರನ್ನು ಕಟ್ಟಿಕೊಂಡು ಎದುರಿಗೆ ನಿಂತು ‘ಇಲ್ಲ’ ಅನ್ನುತ್ತಾನೆ. ಕಾನೂನಿನ ಕಣ್ಣಿಗೆ ಎರಡನೆಯದೇ ದೊಡ್ಡ ಅಪರಾಧ. ಆದರೆ ಸೇನೆಯನ್ನು ಮತ್ತೆ ನಿಲ್ಲಿಸುವವನ ಕಣ್ಣಿಗೆ ಎರಡನೆಯವನ ಹತ್ತಿರ ಮಾತಾಡಲು ಇನ್ನೂ ಜಾಗ ಇದೆ. 1917ರ ಫ್ರೆಂಚರು ಬಹುಪಾಲು ಈ ಎರಡನೇ ಬಗೆಯವರು. ‘ಕಂದಕ ಕಾಯುತ್ತೇವೆ, ಜರ್ಮನ್ನರನ್ನು ಒಳಗೆ ಬಿಡಲ್ಲ. ಆದರೆ ದಾಳಿಗೆ ಮೇಲೆ ಏಳಲ್ಲ’ ಎಂಬುದು ಅವರ ನಿಲುವು. ಇದನ್ನು ಅರ್ಥ ಮಾಡಿಕೊಳ್ಳದಿದ್ದರೆ ಮುಂದಿನದ್ಯಾವುದೂ ಅರ್ಥವಾಗಲ್ಲ.

ಅವರು ಯಾಕೆ ಹಾಗಂದರು? ಆ ವರ್ಷದ ಆರಂಭದಲ್ಲಿ ಸೇನೆಯ ಮುಖ್ಯಸ್ಥನಾಗಿದ್ದವನು ಜನರಲ್ ನಿವೆಲ್. ಎನ್ ನದಿಯ ಮೇಲಿನ ಶೆಮಾಂ ದೆ ದಾಮ್ ಎಂಬ ದಿಬ್ಬಸಾಲಿನಲ್ಲಿ ಒಂದೇ ಏಟಿಗೆ ಜರ್ಮನ್ ರಕ್ಷಣಾ ಸಾಲು ಒಡೆಯುತ್ತೇನೆ, 48 ಗಂಟೆಯಲ್ಲಿ ಆಗದಿದ್ದರೆ ನಿಲ್ಲಿಸಿಬಿಡುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಆ ಮಾತು ಮಂತ್ರಿಗಳಿಗಷ್ಟೇ ಅಲ್ಲ, ಕೊನೆಯ ಸಿಪಾಯಿಗೂ ತಲುಪಿತ್ತು. ಸೈನಿಕರು ನಂಬಿದರು. ಮೂರು ವರ್ಷ ಕೆಸರಿನಲ್ಲಿ ಕಳೆದವರಿಗೆ ‘ಇದೇ ಕೊನೆಯದು’ ಎಂಬ ಮಾತು ಎಷ್ಟು ದೊಡ್ಡದು ಅಂತ ಯೋಚಿಸಿ ನೋಡಿ.

ಏಪ್ರಿಲ್ 16ರ ಬೆಳಿಗ್ಗೆ ಮಂಜು ಬೆರೆತ ಮಳೆಯಲ್ಲಿ ದಾಳಿ ಶುರುವಾಯಿತು. ಜರ್ಮನ್ನರ ಕೈಗೆ ಯೋಜನೆಯ ಕಾಗದಪತ್ರ ಮೊದಲೇ ಸಿಕ್ಕಿತ್ತು. ಅವರ ಮೆಷಿನ್ ಗನ್‌ಗಳು ದಿಬ್ಬದ ಹಿಂದಿನ ಇಳಿಜಾರಿನಲ್ಲೂ ಗುಹೆಗಳಲ್ಲೂ ಭದ್ರವಾಗಿದ್ದವು. ಮೊದಲ ಹತ್ತು ದಿನದಲ್ಲಿ ಫ್ರೆಂಚರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 1,34,000. ಅದರಲ್ಲಿ ಸತ್ತವರೇ 30,000ದಷ್ಟು. ಗಾಯಾಳುಗಳನ್ನು ಹಿಂದಕ್ಕೆ ಸಾಗಿಸುವ ವ್ಯವಸ್ಥೆ ಕುಸಿಯಿತು, ಎಷ್ಟೋ ಜನ ಚಳಿಯಲ್ಲಿ ಬಯಲಲ್ಲೇ ಬಿದ್ದಿದ್ದರು. ಇಷ್ಟಾದರೂ 48 ಗಂಟೆಗೆ ದಾಳಿ ನಿಲ್ಲಲಿಲ್ಲ. ಮೇ ತಿಂಗಳಿಗೂ ಎಳೆಯಿತು.

ಜರ್ಮನ್ ದಾಳಿಯನ್ನು ಫ್ರೆಂಚರು ತಡೆದು ನಿಂತ 1916ರ ವರ್ದನ್ ಕದನದಲ್ಲಿ ಇದಕ್ಕಿಂತ ಜಾಸ್ತಿ ಜನ ಸತ್ತಿದ್ದರು, ಆಗ ಇಷ್ಟು ದೊಡ್ಡ ದಂಗೆ ಏಳಲಿಲ್ಲ. ಹಾಗಾಗಿ ಸಾವಿನ ಲೆಕ್ಕ ಒಂದೇ ಇದಕ್ಕೆ ಕಾರಣವಲ್ಲ. ವರ್ದನ್‌ನಲ್ಲಿ ಸಾಯುವುದಕ್ಕೆ ಅರ್ಥ ಇದೆ ಅನ್ನಿಸಿತ್ತು. ಇಲ್ಲಿ ಮಾತು ಕೊಟ್ಟು ಮುರಿದರು, ಮುರಿದ ಮೇಲೂ ಅದೇ ಜಾಗಕ್ಕೆ ಮತ್ತೆ ಕಳಿಸಿದರು.

ಮೊದಲ ನಿರಾಕರಣೆಗಳು ಏಪ್ರಿಲ್ ಕೊನೆಗೆ ಬಂದವು. ಮೇ 15ರಂದು ನಿವೆಲ್‌ನನ್ನು ಇಳಿಸಿ ಪೆತಾಂ ಎಂಬ ಜನರಲ್‌ನನ್ನು ತಂದರು. ಆದರೂ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ದಂಗೆ ಉತ್ತುಂಗ ಮುಟ್ಟಿತು. ಎಲ್ಲ ಸೇರಿ ಐವತ್ತರ ಆಸುಪಾಸು ಡಿವಿಷನ್‌ಗಳಲ್ಲಿ ಏನಾದರೊಂದು ಗಲಾಟೆ ದಾಖಲಾಗಿದೆ. ನೀವು ಓದಿದ ‘ಅರ್ಧ ಸೇನೆ’ ಬಂದದ್ದು ಇಲ್ಲಿಂದ. ಆದರೆ ಡಿವಿಷನ್ ಒಂದರಲ್ಲಿ ಗಲಾಟೆ ಆಯಿತು ಅಂದರೆ ಅದರ ಹತ್ತು ಹದಿನೈದು ಸಾವಿರ ಜನರೂ ಎದ್ದರು ಅಂತಲ್ಲ. ನಿಜವಾಗಿ ಭಾಗಿಯಾದವರು 30ರಿಂದ 40 ಸಾವಿರ ಇರಬಹುದು ಎಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು.

ಅವರು ಕೇಳಿದ್ದೇನು ಅಂತ ನೋಡಿದರೆ ಮನಸ್ಸು ಕಲಕುತ್ತದೆ. ಬಾಕಿ ಇರುವ ರಜೆ ಕೊಡಿ. ತಿನ್ನುವಂಥ ಊಟ ಕೊಡಿ. ಉಪಯೋಗವಿಲ್ಲದ ದಾಳಿ ನಿಲ್ಲಿಸಿ. ನಮ್ಮ ಹೆಂಡತಿ ಮಕ್ಕಳು ಹೇಗಿದ್ದಾರೆ ಹೇಳಿ. ಆಗ ಪ್ಯಾರಿಸ್‌ನಲ್ಲಿ ಹೆಣ್ಣುಮಕ್ಕಳು ಮುಷ್ಕರ ಹೂಡಿದ್ದರು, ಅವರ ಮೇಲೆ ವಸಾಹತಿನ ಪಡೆಗಳು ಗುಂಡು ಹಾರಿಸಿದವು ಎಂಬ ಸುಳ್ಳು ಸುದ್ದಿ ಹಬ್ಬಿತ್ತು. ಶಾಂತಿ ಬೇಕು ಎಂಬ ಕೂಗು, ಕೆಂಪು ಬಾವುಟ, ಕ್ರಾಂತಿಗೀತೆ ಎಲ್ಲವೂ ಇದ್ದವು. ಮೇಲಿನವರು ಇದನ್ನೇ ಹಿಡಿದುಕೊಂಡು ‘ಹೊರಗಿನ ಕ್ರಾಂತಿಕಾರಿಗಳ ಪಿತೂರಿ’ ಅಂದರು. ಹಾಗೆ ನಂಬುವುದು ಸುಲಭ, ತಮ್ಮ ತಪ್ಪು ಮರೆಯಾಗುತ್ತದಲ್ವಾ. ಆದರೆ ಯಾವ ಡಿವಿಷನ್‌ಗಳಲ್ಲಿ ಗಲಾಟೆ ಆಯಿತು ಎಂದು ನಕ್ಷೆಯ ಮೇಲೆ ಗುರುತು ಹಾಕಿದರೆ ಬಹುಪಾಲು ಗುರುತುಗಳು ಶೆಮಾಂ ದೆ ದಾಮ್ ಹಿಂದೆಯೇ ಬೀಳುತ್ತವೆ. ಪಿತೂರಿಯಾಗಿದ್ದರೆ ಇಡೀ ರಣರಂಗದ ಉದ್ದಕ್ಕೂ ಹರಡಿರಬೇಕಿತ್ತು.

ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಜೂನ್ 1, ವಿಲ್-ಆಂ-ತಾರ್ದೆನ್ವಾ ಎಂಬ ಹಳ್ಳಿ. 41ನೇ ಡಿವಿಷನ್ನಿನ 23 ಮತ್ತು 133ನೇ ರೆಜಿಮೆಂಟುಗಳಿಗೆ ಮತ್ತೆ ಮುಂಚೂಣಿಗೆ ಹೊರಡುವ ಸರದಿ ಬಂದಿದೆ. ಸುಮಾರು 2,000 ಜನ ಬೀದಿಗಿಳಿದಿದ್ದಾರೆ. ಬ್ರಿಗೇಡಿನ ಜನರಲ್ ಬ್ಯುಲೋ ತಡೆಯಲು ಬರುತ್ತಾನೆ. ‘ಕೊಲೆಗಾರ’ ಅಂತ ಕೂಗುತ್ತಾರೆ, ಕಲ್ಲು ತೂರುತ್ತಾರೆ, ಅವನ ಸಮವಸ್ತ್ರದ ನಕ್ಷತ್ರ ಕಿತ್ತುಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಡಿವಿಷನ್ನಿನ ಜನರಲ್ ಮಿನ್ಯೋ ಬರುತ್ತಾನೆ. ಅವನ ಮಾತನ್ನು ಅದೇ ಗುಂಪು ಕೇಳುತ್ತದೆ. ಈಗಲೇ ಮುಂಚೂಣಿಗೆ ಕಳಿಸಲ್ಲ ಎಂಬ ಭರವಸೆ ಸಿಕ್ಕ ಮೇಲೆ ಗುಂಪು ತಣ್ಣಗಾಗುತ್ತದೆ. ಒಂದೇ ಸಂಜೆ, ಒಂದೇ ಗುಂಪು, ಇಬ್ಬರು ಜನರಲ್‌ಗಳು. ಸೈನಿಕರು ಅಧಿಕಾರವನ್ನೇ ತಿರಸ್ಕರಿಸಿರಲಿಲ್ಲ, ಯಾರು ತಮ್ಮನ್ನು ಮನುಷ್ಯರಂತೆ ನೋಡುತ್ತಾರೆ ಅಂತ ಆರಿಸುತ್ತಿದ್ದರು.

ಇಂಥ ಹೊತ್ತಿನಲ್ಲಿ ಅಧಿಕಾರಿ ಮಾಡಬಹುದಾದ ಅತಿ ದೊಡ್ಡ ತಪ್ಪು ಅಂದರೆ, ಎಲ್ಲರೂ ಸೇರಿ ನಿಂತಿರುವಾಗ, ಪಾಲಿಸುವುದಿಲ್ಲ ಅಂತ ಗೊತ್ತಿದ್ದೂ ಖಡಕ್ ಆದೇಶ ಕೊಡುವುದು. ಆದೇಶ ಮುರಿದ ಕ್ಷಣ ಪ್ರತಿಯೊಬ್ಬನೂ ಅಪರಾಧಿಯಾಗುತ್ತಾನೆ. ಆಮೇಲೆ ಅವನಿಗೆ ವಾಪಸ್ ಬರುವ ದಾರಿಯೇ ಇರಲ್ಲ. ಇದನ್ನು ಬಲ್ಲ ಫ್ರೆಂಚ್ ಅಧಿಕಾರಿಗಳು ಮೊದಲು ಸಮಯ ಕೊಂಡುಕೊಂಡರು. ಮೇ 28ರಂದು 129ನೇ ರೆಜಿಮೆಂಟಿನವರು ಮೆರವಣಿಗೆ ಹೊರಟರು. ಅವರು ಅಧಿಕಾರಿಗಳ ಮೇಲೆ ಕೈ ಮಾಡಲಿಲ್ಲ, ಸೆಲ್ಯೂಟ್ ಕೂಡ ಹೊಡೆದರು. ಅಧಿಕಾರಿಗಳು ಅವರ ಅಹವಾಲು ಕೇಳಿದರು, ಆಮೇಲೆ ಲಾರಿಗಳಿಗೆ ಹತ್ತಿಸಿ ಆ ಜಾಗದಿಂದಲೇ ದೂರ ಸಾಗಿಸಿದರು.

ಈ ಸಾಗಿಸುವುದರಲ್ಲೇ ಗುಟ್ಟಿದೆ. ಬಂಡಾಯ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ನಡೆದೇ ಹೋಗುತ್ತಿತ್ತು. ಅಕ್ಕಪಕ್ಕ ಬೀಡುಬಿಟ್ಟ ರೆಜಿಮೆಂಟುಗಳಿಂದ ದೂರ ಒಯ್ದು, ಬೆಟಾಲಿಯನ್‌ಗಳನ್ನು ಬೇರೆ ಬೇರೆ ಇಳಿಸಿದರೆ ಸಾವಿರ ಜನರ ಗುಂಪು ಮತ್ತೆ ನೂರೈವತ್ತು, ಇನ್ನೂರು ಜನರ ಕಂಪನಿಗಳಾಗುತ್ತದೆ. ಕಂಪನಿಯಲ್ಲಿ ಕ್ಯಾಪ್ಟನ್ನಿಗೆ ಹೆಸರು, ಮುಖ ಗೊತ್ತು. ಅಲ್ಲಿ ಮಾತು ನಡೆಯುತ್ತದೆ. ಇದರಲ್ಲೂ ಅಪಾಯವಿದೆ. ಲಾರಿ ಬಂದದ್ದು ಮತ್ತೆ ಮುಂಚೂಣಿಗೆ ಒಯ್ಯಲಿಕ್ಕೆ ಅಂತ ಅನುಮಾನ ಬಂದರೆ ಅಲ್ಲೇ ರಕ್ತ ಹರಿಯಬಹುದು. ಕೊಟ್ಟ ಭರವಸೆಯನ್ನು ಮರುದಿನವೇ ಮುರಿದರೆ ಆ ಅಧಿಕಾರಿಯ ಮಾತಿಗೆ ಇನ್ನೆಂದೂ ಬೆಲೆ ಇರಲ್ಲ.

ಈಗ ಶಿಕ್ಷೆಯ ವಿಷಯ. ಶಿಕ್ಷೆ ಇರಲಿಲ್ಲ ಅಂದುಕೊಳ್ಳಬೇಡಿ. ಜೂನ್ ಮೊದಲ ಭಾಗದಲ್ಲಿ ಪೆತಾಂ ಕೇಳಿಕೊಂಡಂತೆ ದಂಗೆಯ ಪ್ರಕರಣಗಳಲ್ಲಿ ಮೇಲ್ಮನವಿಯ ಹಕ್ಕನ್ನು ಸುಮಾರು ಒಂದು ತಿಂಗಳು ಅಮಾನತು ಮಾಡಿದರು. 3,400ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಅದರಲ್ಲಿ 554 ಮರಣದಂಡನೆ. ಆದರೆ ಗುಂಡಿಕ್ಕಿದ್ದು 50ಕ್ಕಿಂತ ಕಡಿಮೆ ಜನರಿಗೆ. ಇತ್ತೀಚಿನ ಎಣಿಕೆಗಳು 30ರ ಆಸುಪಾಸಿಗೆ ನಿಲ್ಲುತ್ತವೆ. ಉಳಿದವರಿಗೆ ರಾಷ್ಟ್ರಾಧ್ಯಕ್ಷರು ಕ್ಷಮಾದಾನ ಕೊಟ್ಟು ಶಿಕ್ಷೆ ಇಳಿಸಿದರು. ಇಡೀ ಯುದ್ಧದಲ್ಲಿ ಫ್ರೆಂಚರು ಸ್ವಂತ ಸೈನಿಕರಿಗೆ ಗುಂಡಿಕ್ಕಿದ್ದರಲ್ಲಿ ಹೆಚ್ಚಿನವು 1914, 1915ರಲ್ಲೇ ನಡೆದುಹೋಗಿದ್ದವು. ಶಿಕ್ಷೆ ಅತಿ ಕಠಿಣವಾಗಿದ್ದ ಕಾಲ ಕಳೆದ ಮೇಲೆ ದಂಗೆ ಬಂತು, ಅತಿ ಕಠಿಣ ಶಿಕ್ಷೆ ಇಲ್ಲದೆಯೇ ಅಡಗಿತು.

ನನ್ನ ಮನಸ್ಸಿಗೆ ಇಂದಿಗೂ ಒಪ್ಪದ ಭಾಗ ಇದು. ಸಾವಿರಾರು ಜನ ಕೂಗಿದಾಗ ಯಾರು ಮುಖಂಡ ಅಂತ ಹೇಗೆ ಹೇಳುತ್ತೀರಿ? ಕತ್ತಲಲ್ಲಿ ಗುರುತು ಸಿಕ್ಕವನು, ಮೊದಲೇ ಒರಟ ಅಂತ ಹೆಸರಾದವನು, ಸಾರ್ಜೆಂಟನಿಗೆ ಆಗದವನು, ಇಂಥವರು ಪಟ್ಟಿಗೆ ಸೇರುವ ಅಪಾಯ ತುಂಬಾ ಜಾಸ್ತಿ. ‘ಕೆಲವರನ್ನು ಮಾತ್ರ ಶಿಕ್ಷಿಸಿ, ಮಿಕ್ಕವರನ್ನು ಬಿಡಿ’ ಎಂಬ ನೀತಿ ಸೇನೆಯನ್ನು ಉಳಿಸುತ್ತದೆ ನಿಜ. ಆ ‘ಕೆಲವರ’ ಪಾಲಿಗೆ ಅದು ನ್ಯಾಯವೇ ಆಗಿತ್ತು ಅಂತ ನಾನು ಹೇಳಲಾರೆ.

ಬದಲಾದ ಸಂಗತಿಗಳಲ್ಲಿ ರಜೆಯನ್ನು ನಾನು ಮೊದಲಿಗೆ ಇಡುತ್ತೇನೆ. ನಾಲ್ಕು ತಿಂಗಳಿಗೊಮ್ಮೆ ಏಳು ದಿನ ರಜೆ ಎಂಬ ನಿಯಮ ಕಾಗದದ ಮೇಲಿತ್ತು, ಕೈಗೆ ಸಿಗುತ್ತಿರಲಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. 150 ಜನರ ಕಂಪನಿ. 120 ದಿನದಲ್ಲಿ ಪ್ರತಿಯೊಬ್ಬನಿಗೂ ಏಳು ದಿನ ಅಂದರೆ ಯಾವ ದಿನ ನೋಡಿದರೂ ಒಂಬತ್ತು ಜನ ರಜೆಯಲ್ಲಿರಬೇಕು. ಹೋಗಿ ಬರುವ ಪ್ರಯಾಣ ಸೇರಿಸಿದರೆ ಹನ್ನೆರಡು. ದೊಡ್ಡ ದಾಳಿಗೆ ಮುಂಚೆ ಎರಡು ಮೂರು ತಿಂಗಳು ರಜೆ ನಿಲ್ಲಿಸಿದರೆ ಬಾಕಿ ಬೆಟ್ಟದಷ್ಟಾಗುತ್ತದೆ. ಆಮೇಲೆ ಒಂಬತ್ತು, ಹನ್ನೆರಡು ಜನರಂತೆ ಬಿಟ್ಟರೆ ಆ ಬಾಕಿ ತೀರುವುದೇ ಇಲ್ಲ. ಅದಕ್ಕೇ ಪೆತಾಂ, ಮುಂಚೂಣಿಯಿಂದ ವಿಶ್ರಾಂತಿಗೆ ಬಂದ ಘಟಕಗಳಲ್ಲಿ ಕಾಲು ಭಾಗ, ಕೆಲವೊಮ್ಮೆ ಅರ್ಧದಷ್ಟು ಜನರನ್ನೂ ಒಟ್ಟಿಗೆ ಕಳಿಸಲು ಅನುಮತಿ ಕೊಟ್ಟ.

ದಂಗೆಯ ನಡುವೆ ಹೀಗೆ ಮಾಡೋದಕ್ಕೆ ಧೈರ್ಯ ಬೇಕು. ಹೋದವರು ವಾಪಸ್ ಬರದೆ ಇದ್ದರೆ? ಅದೂ ಅಲ್ಲದೆ ರಜೆಯ ರೈಲುಗಳೇ ಗಲಾಟೆಯ ಗೂಡಾಗಿದ್ದವು. ಕಿಟಕಿ ಒಡೆಯುವುದು, ಸ್ಟೇಷನ್ನಿನಲ್ಲಿ ಮಿಲಿಟರಿ ಪೊಲೀಸರಿಗೆ ಹೊಡೆಯುವುದು ನಡೆದೇ ಇತ್ತು. ಕುಡಿದ, ಹಸಿದ, ರಾತ್ರಿಯಿಡೀ ಪ್ಲಾಟ್‌ಫಾರ್ಮಿನಲ್ಲಿ ಕಾದ ಸೈನಿಕ ಇನ್ನೇನು ಮಾಡಿಯಾನು? ರಜೆಯ ಜೊತೆಗೆ ಸ್ಟೇಷನ್ನುಗಳಲ್ಲಿ ಕ್ಯಾಂಟೀನ್, ಮಲಗುವ ಜಾಗ, ಸಮಯಕ್ಕೆ ಸರಿಯಾದ ರೈಲು ಇವನ್ನೂ ಏರ್ಪಾಡು ಮಾಡಿದರು. ಮುಂಚೂಣಿಯ ಹಿಂದೆ ಅಡುಗೆಯವರಿಗೆ ತರಬೇತಿ ಕೊಟ್ಟು ಊಟಕ್ಕೆ ತರಕಾರಿ ಹೆಚ್ಚಿಸಿದರು. ವಿಶ್ರಾಂತಿ ಶಿಬಿರಗಳನ್ನು ಫಿರಂಗಿಯ ಗುರಿಗೆ ಸಿಗದಷ್ಟು ಹಿಂದಕ್ಕೆ ಒಯ್ದರು.

ಇಷ್ಟೇ ಆಗಿದ್ದರೆ ಸೈನಿಕರು ಉಂಡು, ಮಲಗಿ, ಮತ್ತೆ ‘ದಾಳಿಗೆ ಹೋಗಲ್ಲ’ ಅನ್ನುತ್ತಿದ್ದರು. ಅವರ ಮೂಲ ದೂರು ಊಟದ್ದಲ್ಲ. ಮೇ 19ರಂದೇ ಪೆತಾಂ ಹೊರಡಿಸಿದ ಮೊದಲ ನಿರ್ದೇಶನ ಶತ್ರುವಿನ ಸಾಲನ್ನು ಒಂದೇ ಏಟಿಗೆ ಒಡೆಯುವ ದೊಡ್ಡ ದಾಳಿಗಳ ಕನಸನ್ನು ಕೈಬಿಟ್ಟಿತು. ಇನ್ನು ಮುಂದೆ ಸಣ್ಣ ಗುರಿ, ಫಿರಂಗಿ ಜಾಸ್ತಿ, ಕಾಲ್ದಳದ ಜೀವ ಉಳಿತಾಯ. ಟ್ಯಾಂಕುಗಳೂ ಅಮೆರಿಕನ್ನರೂ ಬರುವ ತನಕ ಕಾಯೋಣ. ಬೇಸಿಗೆಯಿಡೀ ಅವನು ತಾನೇ ಡಿವಿಷನ್‌ನಿಂದ ಡಿವಿಷನ್‌ಗೆ ಓಡಾಡಿ ಅಧಿಕಾರಿಗಳಿಗೂ ಸಿಪಾಯಿಗಳಿಗೂ ಇದನ್ನು ವಿವರಿಸಿದ.

ಆ ಮಾತಿಗೆ ಸಾಕ್ಷಿ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ, ಅದೇ ಶೆಮಾಂ ದೆ ದಾಮ್ ದಿಬ್ಬದ ಪಶ್ಚಿಮ ತುದಿಯ ಮಾಲ್ಮೆಸೋಂ ಕೋಟೆಯ ಹತ್ತಿರ. ಚಿಕ್ಕ ಅಗಲದ ಮುಂಚೂಣಿ. ಆರು ದಿನ ಫಿರಂಗಿ ಸುರಿಮಳೆ. 23ರಂದು ಕಾಲ್ದಳ ಟ್ಯಾಂಕುಗಳ ಜೊತೆ ಎದ್ದು, ಗುರಿ ಮುಟ್ಟಿ, ಅಲ್ಲಿಗೇ ನಿಂತಿತು. ನಾಲ್ಕು ದಿನದಲ್ಲಿ ಸುಮಾರು 11,000 ಜರ್ಮನ್ನರು ಸೆರೆ ಸಿಕ್ಕರು. ನವೆಂಬರ್ ಮೊದಲಿಗೆ ಜರ್ಮನ್ನರು ಆ ದಿಬ್ಬವನ್ನೇ ಬಿಟ್ಟು ಹಿಂದೆ ಸರಿದರು. ಏಪ್ರಿಲ್‌ನಲ್ಲಿ ಸಾವಿರಾರು ಜೀವ ಕೊಟ್ಟರೂ ಸಿಗದ ದಿಬ್ಬ ಅದು. ಗುರಿ ಮುಟ್ಟಿದ ಮೇಲೆ ‘ಇನ್ನೂ ಸ್ವಲ್ಪ ಮುಂದೆ’ ಅಂತ ಯಾರೂ ತಳ್ಳಲಿಲ್ಲ. ಸೈನಿಕನ ಕಣ್ಣಿಗೆ ಗೆಲುವಿಗಿಂತ ಆ ನಿಂತದ್ದೇ ದೊಡ್ಡದು.

ಇದಕ್ಕೆ ಬೆಲೆಯೂ ಇತ್ತು. ಫ್ರೆಂಚರು ಚೇತರಿಸಿಕೊಳ್ಳುವಷ್ಟು ತಿಂಗಳು ಪಶ್ಚಿಮ ರಣರಂಗದ ದಾಳಿಯ ಭಾರ ಬಹುಪಾಲು ಬ್ರಿಟಿಷರ ಮೇಲೆ ಬಿತ್ತು. ಜರ್ಮನ್ನರಿಗೆ ದಂಗೆಯ ಆಳ ಸಮಯಕ್ಕೆ ಗೊತ್ತಾಗದೆ ಹೋದದ್ದು ಫ್ರಾನ್ಸಿನ ಅದೃಷ್ಟ. ಸಣ್ಣ ದಾಳಿಗಳಿಂದಲೇ ಯುದ್ಧ ಮುಗಿಯುವುದಿಲ್ಲ ಎಂಬುದೂ ನಿಜ. ಕಾಯುವ ಸಾಮರ್ಥ್ಯ ಇರುವ ಸೇನೆಗೆ ಮಾತ್ರ ಈ ದಾರಿ.

ಶಿಸ್ತು ನಿಜವಾಗಿ ಮರಳಿದೆಯೋ, ಹೆದರಿ ಸುಮ್ಮನಿದ್ದಾರೋ ಅಂತ ತಿಳಿಯೋದು ಹೇಗೆ ಅಂತ ನನ್ನನ್ನು ಆಗಾಗ ಕೇಳುತ್ತಾರೆ. ಕವಾಯತು ನೋಡಿದರೆ ಗೊತ್ತಾಗಲ್ಲ. ಫ್ರೆಂಚರು ಮನೆಗೆ ಹೋಗುವ ಪತ್ರಗಳನ್ನು ಮಾದರಿಗೆ ಆರಿಸಿ ಓದುತ್ತಿದ್ದರು. ಗುಟ್ಟು ಹೊರಹೋಗದಂತೆ ತಡೆಯಲು ಶುರುವಾದ ಅಂಚೆ ತಪಾಸಣೆ, ಸೈನಿಕರ ಮನಸ್ಸು ಅಳೆಯುವ ಸಾಧನವೂ ಆಯಿತು. ಇದಲ್ಲದೆ ನೋಡಬೇಕಾದದ್ದು ಮೂರು: ರಜೆಗೆ ಹೋದವರು ಹೇಳಿದ ದಿನ ಬರುತ್ತಿದ್ದಾರಾ, ಹೊರಡುವ ಮುನ್ನಾದಿನ ಹೊಟ್ಟೆನೋವು, ಕಾಲುನೋವು ಅಂತ ವೈದ್ಯರ ಮುಂದೆ ನಿಲ್ಲುವ ಸಾಲು ಕರಗಿದೆಯಾ, ಮತ್ತು ರಾತ್ರಿ ಗಸ್ತಿಗೆ ಹೋದ ತಂಡ ನಿಜವಾಗಿ ಶತ್ರುವಿನ ತಂತಿಬೇಲಿ ತನಕ ಹೋಗಿ ಬರುತ್ತಿದೆಯಾ, ಇಲ್ಲಾ ಹತ್ತಿರದ ಗುಂಡಿಯಲ್ಲಿ ಕೂತು ಸುಳ್ಳು ವರದಿ ಬರೆಯುತ್ತಿದೆಯಾ. ಕುಸಿತ ಶುರುವಾಗುವಾಗಲೂ ಮೊದಲು ಕಾಣುವುದು ಇವೇ.

ಇನ್ನು ಇಟಲಿ. ಅಲ್ಲಿಯ ಮುಖ್ಯಸ್ಥ ಕಾದೋರ್ನಾ ಭಯವೊಂದೇ ಮದ್ದು ಅಂತ ನಂಬಿದ್ದ. ಯುದ್ಧದುದ್ದಕ್ಕೂ ನ್ಯಾಯಾಲಯದ ತೀರ್ಪಿನಂತೆಯೇ ಸುಮಾರು 750 ಇಟಾಲಿಯನ್ ಸೈನಿಕರಿಗೆ ಗುಂಡಿಕ್ಕಿದರು, ವಿಚಾರಣೆ ಇಲ್ಲದೆ ಕೊಂದದ್ದು ಬೇರೆ. 1917ರ ಜುಲೈನಲ್ಲಿ, ಸ್ವಲ್ಪವೇ ವಿಶ್ರಾಂತಿ ಕೊಟ್ಟು ಮತ್ತೆ ಮುಂಚೂಣಿಗೆ ಹೊರಡಿ ಅಂದಾಗ ಕಾತಾಂಜಾರೋ ಬ್ರಿಗೇಡ್ ತಿರುಗಿಬಿತ್ತು. 28 ಜನರಿಗೆ ಗುಂಡಿಕ್ಕಿದರು, ಅದರಲ್ಲಿ 12 ಜನ ಹತ್ತರಲ್ಲಿ ಒಬ್ಬರ ಲೆಕ್ಕದಲ್ಲಿ ಆರಿಸಲ್ಪಟ್ಟವರು. ನಿಮ್ಮ ಸ್ನೇಹಿತರು ಕೇಳಿರುವುದು ಇದನ್ನೇ ಇರಬೇಕು. ಮೂರು ತಿಂಗಳಾದ ಮೇಲೆ, ಅಕ್ಟೋಬರ್ 24ರಂದು, ಕಪೊರೆತ್ತೊದಲ್ಲಿ ಜರ್ಮನ್ ಮತ್ತು ಆಸ್ಟ್ರಿಯನ್ ದಾಳಿಗೆ ಮುಂಚೂಣಿ ಮುರಿಯಿತು. ಮುರಿದದ್ದಕ್ಕೆ ವಿಷಾನಿಲ, ಹೊಸ ಯುದ್ಧತಂತ್ರ, ಕೆಟ್ಟ ರಕ್ಷಣಾ ವ್ಯವಸ್ಥೆ ಮುಖ್ಯ ಕಾರಣ. ಆದರೆ ಮುರಿದ ಮೇಲೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಸೆರೆಯಾದರು, ಇನ್ನೂ ಲಕ್ಷಗಟ್ಟಲೆ ಜನ ಬಂದೂಕು ಎಸೆದು ಮನೆಯ ದಿಕ್ಕಿಗೆ ನಡೆದರು. ಭಯ ನಿಲ್ಲಿಸಿದ್ದ ಸೇನೆ, ಭಯ ಹುಟ್ಟಿಸುವವನೇ ಓಡುವಾಗ ಯಾಕೆ ನಿಲ್ಲುತ್ತದೆ? ಕಾದೋರ್ನಾ ಸೈನಿಕರನ್ನೇ ಹೇಡಿಗಳೆಂದು ದೂರಿದ. ಅವನ ಜಾಗಕ್ಕೆ ಬಂದ ದಿಯಾಜ್ ರಜೆ ಹೆಚ್ಚಿಸಿದ, ಊಟ ಸುಧಾರಿಸಿದ. ಸರ್ಕಾರ ಸೈನಿಕರಿಗೆ ಉಚಿತ ಜೀವವಿಮೆ ಕೊಟ್ಟಿತು. ಅದೇ ಸೇನೆ ಪಿಯಾವೆ ನದಿಯ ದಂಡೆಯಲ್ಲಿ ಗಟ್ಟಿಯಾಗಿ ನಿಂತಿತು.

ಮೆತ್ತಗಾದರೆ ಎಲ್ಲರೂ ಅದನ್ನೇ ಮಾಡಲ್ವಾ ಅಂತ ಕೇಳಿದ್ದೀರಿ. ಈ ಭಯ ಓಡಿಹೋದವರ ವಿಷಯದಲ್ಲಿ ಹೆಚ್ಚು ನಿಜ. ಕ್ಷಮೆಗೆ ಕೊನೆಯ ದಿನ ಇಲ್ಲದಿದ್ದರೆ ಇಂದು ನಿಂತು ಹೋರಾಡುತ್ತಿರುವವನು ತಾನು ಮೂರ್ಖನಾದೆ ಅಂದುಕೊಳ್ಳುತ್ತಾನೆ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಆರಂಭಕ್ಕೆ, ಉತ್ತರದ ಮುಖ್ಯ ಸೇನೆಯೊಂದರಲ್ಲೇ 80,000ಕ್ಕೂ ಹೆಚ್ಚು ಜನ ಪಟ್ಟಿಯಲ್ಲಿದ್ದು ಜಾಗದಲ್ಲಿರಲಿಲ್ಲ. ಹೊಸದಾಗಿ ಬಂದ ಜನರಲ್ ಹೂಕರ್ ತಾಜಾ ಬ್ರೆಡ್, ತರಕಾರಿ, ಸರದಿ ರಜೆ ಕೊಟ್ಟ. ಮಾರ್ಚ್ 10ರಂದು ಅಧ್ಯಕ್ಷ ಲಿಂಕನ್, ಏಪ್ರಿಲ್ 1ರ ಒಳಗೆ ವಾಪಸ್ ಬಂದವರಿಗೆ ಶಿಕ್ಷೆ ಇಲ್ಲ, ಗೈರಾದ ದಿನಗಳ ಸಂಬಳ ಮಾತ್ರ ಕಡಿತ ಎಂದು ಘೋಷಿಸಿದರು. ಬಾರದವರ ಮೇಲೆ ಕಾನೂನು ಕ್ರಮ ಅಂತ ಅದೇ ಘೋಷಣೆಯಲ್ಲಿತ್ತು. ಹತ್ತಿರದ ಗಡುವು, ಸಣ್ಣ ಆದರೆ ಖಚಿತ ನಷ್ಟ, ಆಮೇಲೆ ಬಾಗಿಲು ಬಂದ್. ಈ ಮೂರೂ ಸೇರಿದರೆ ಕ್ಷಮೆ ಕೆಲಸ ಮಾಡುತ್ತದೆ. ಗಡುವನ್ನು ಪದೇ ಪದೇ ಮುಂದೂಡಿದರೆ ಯಾರೂ ನಂಬುವುದಿಲ್ಲ.

ಇವೆಲ್ಲ ಕೈಕೊಡುವ ಸಂದರ್ಭವೂ ಒಂದಿದೆ. ಅದೇ 1917ರ ರಷ್ಯಾ. ಅಲ್ಲಿ ರಾಜಸತ್ತೆ ಬಿದ್ದು, ಮರಣದಂಡನೆ ರದ್ದಾಗಿ, ಸೈನಿಕರ ಸಮಿತಿಗಳು ಹುಟ್ಟಿದ್ದವು. ಸೈನಿಕರು ಕೇಳುತ್ತಿದ್ದದ್ದು ಶಾಂತಿ ಮತ್ತು ಊರಿನಲ್ಲಿ ಭೂಮಿ. ಎರಡನ್ನೂ ಕೊಡುವ ಶಕ್ತಿಯಾಗಲಿ ಇಚ್ಛೆಯಾಗಲಿ ಆಗಿನ ಸರ್ಕಾರಕ್ಕೆ ಇರಲಿಲ್ಲ. ಬದಲಿಗೆ ಅದು ಬೇಸಿಗೆಯಲ್ಲಿ ಇನ್ನೊಂದು ದೊಡ್ಡ ದಾಳಿ ಹೂಡಿತು. ದಾಳಿ ಕುಸಿದಾಗ ಜುಲೈನಲ್ಲಿ ಮುಂಚೂಣಿಯಲ್ಲಿ ಮರಣದಂಡನೆಯನ್ನು ಮತ್ತೆ ತಂದಿತು. ಅಷ್ಟು ಹೊತ್ತಿಗೆ ಶಿಕ್ಷೆ ಜಾರಿ ಮಾಡಬೇಕಾದ ತುಕಡಿಗಳೇ ಆದೇಶ ಪಾಲಿಸಬೇಕೋ ಬೇಡವೋ ಅಂತ ಸಭೆ ಸೇರಿ ತೀರ್ಮಾನಿಸುತ್ತಿದ್ದವು. ಪೆತಾಂ ಕೈಯಲ್ಲಿ ರೈಲುಗಳಿದ್ದವು, ಹಿಟ್ಟಿತ್ತು, ಗುಂಡುಗಳಿದ್ದವು, ಅವನ ಬೆನ್ನಿಗೆ ನಿಂತ ಸಂಸತ್ತಿತ್ತು. ಹಾಗಾಗಿ ಅವನು ಕೊಟ್ಟ ಮಾತನ್ನು ನಡೆಸಿಕೊಡಲು ಸಾಧ್ಯವಾಯಿತು. ರಷ್ಯಾದ ಅಧಿಕಾರಿಗಳಿಗೆ ಅದು ಸಾಧ್ಯವಿರಲಿಲ್ಲ, ಮತ್ತು ಅವರ ಸೈನಿಕರಿಗೆ ಅದು ಗೊತ್ತಿತ್ತು.